ಮಾರಾಟದ ಪಟ್ಟಿಯಿಂದ ಲೆಕ್ಕ ತೆಗೆಯುವ ಕ್ವೆರಿ ಸೂತ್ರ ಮತ್ತು ಅದು ಹೇಳದೆ ಬಿಡುವ ಸಾಲುಗಳು

ಗಡಿಯಾಚೆಯ ಕನ್ನಡ ಊರುಗಳಲ್ಲಿ ಪುಸ್ತಕ ಮಾರುವ ಪ್ರಕಾಶನವೊಂದು ತನ್ನ ಮಾರಾಟವನ್ನು ಗೂಗಲ್ ಶೀಟ್ಸ್‌ನಲ್ಲಿ ದಾಖಲಿಸುತ್ತಿದೆ ಎಂದು ಭಾವಿಸೋಣ. ಪ್ರತಿ ಊರಿನ ಕಾರ್ಯಕರ್ತರು ಒಂದೇ ಹಾಳೆಯಲ್ಲಿ ತಮ್ಮ ಸಾಲುಗಳನ್ನು ಸೇರಿಸುತ್ತಾರೆ. ತ್ರೈಮಾಸಿಕದ ಕೊನೆಯಲ್ಲಿ ಸಂಪಾದಕರಿಗೆ ಬೇಕಾದುದು ಒಂದೇ ಉತ್ತರ: ಯಾವ ಊರಿನಲ್ಲಿ ಹೆಚ್ಚು ಪ್ರತಿಗಳು ಹೋಗಿವೆ? ಮುಂದಿನ ಪುಸ್ತಕದ ಪ್ರತಿಗಳನ್ನು ಎಲ್ಲಿಗೆ ಎಷ್ಟು ಕಳುಹಿಸಬೇಕೆಂಬುದು ಈ ಉತ್ತರವನ್ನು ಅವಲಂಬಿಸಿದೆ.

ಉದಾಹರಣೆಗಾಗಿ ರಚಿಸಿದ ಚಿಕ್ಕ ಪಟ್ಟಿಯೊಂದು ಹೀಗಿದೆ. ಹಾಳೆಯ ಹೆಸರು ‘ಮಾರಾಟ’. ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿವೆ. ಕಂಬಸಾಲುಗಳು ಕ್ರಮವಾಗಿ `A` ಯಿಂದ `E` ವರೆಗೆ.

| ದಿನಾಂಕ | ಊರು | ಪುಸ್ತಕ | ಪ್ರತಿ | ಮೊತ್ತ |
|---|---|---|---|---|
| 06/04/2024 | ಕಾಸರಗೋಡು | ಗಾದೆಗಳು | 12 | 1200 |
| 20/04/2024 | ಸೊಲ್ಲಾಪುರ | ಶಬ್ದಕೋಶ | 8 | 2000 |
| 04/05/2024 | ಅಕ್ಕಲಕೋಟೆ | ಗಾದೆಗಳು | 15 | 1500 |
| 18/05/2024 | ಕಾಸರಗೋಡು | ಶಬ್ದಕೋಶ | 10 | 2500 |
| 01/06/2024 | ತಾಳವಾಡಿ | ಗಾದೆಗಳು | 9 | 900 |
| 15/06/2024 | ಸೊಲ್ಲಾಪುರ | ಗಾದೆಗಳು | 20 ಪ್ರತಿ | 2000 |
| 29/06/2024 | ಅಕ್ಕಲಕೋಟೆ | ಶಬ್ದಕೋಶ | 6 | 1500 |
| 06/07/2024 | ಕಾಸರಗೋಡು | ಗಾದೆಗಳು | 5 | 500 |

ಇಂತಹ ಲೆಕ್ಕಕ್ಕೆ ಸಾಮಾನ್ಯವಾಗಿ ಪಿವಟ್ ಕೋಷ್ಟಕವನ್ನು ಬಳಸುವುದು ರೂಢಿ. ಆದರೆ ಪಿವಟ್‌ನಲ್ಲಿ ಯಾವುದನ್ನು ಸೋಸಲಾಗಿದೆ, ಯಾವುದನ್ನು ಕೂಡಲಾಗಿದೆ ಎಂಬುದು ಪಕ್ಕದ ಫಲಕದ ಆಯ್ಕೆಗಳಲ್ಲಿ ಹಂಚಿಹೋಗಿರುತ್ತದೆ. `QUERY` ಸೂತ್ರದಲ್ಲಿ ಇಡೀ ಪ್ರಶ್ನೆಯೇ ಒಂದು ವಾಕ್ಯವಾಗಿ ಕೋಶದೊಳಗೆ ಉಳಿಯುತ್ತದೆ. ಬೇರೊಬ್ಬರು ಅದನ್ನು ಓದಬಹುದು, ಪರಿಶೀಲಿಸಬಹುದು, ದಿನಾಂಕವನ್ನಷ್ಟೇ ಬದಲಿಸಿ ಮತ್ತೆ ಬಳಸಬಹುದು. ಏಪ್ರಿಲ್‌ನಿಂದ ಜೂನ್‌ವರೆಗಿನ ಲೆಕ್ಕಕ್ಕೆ ಮತ್ತೊಂದು ಹಾಳೆಯ ಖಾಲಿ ಕೋಶದಲ್ಲಿ ಬರೆಯಬೇಕಾದ ಸೂತ್ರ ಇದು:

```
=QUERY('ಮಾರಾಟ'!A1:E9,
"select B, sum(D)
 where A >= date '2024-04-01'
   and A <= date '2024-06-30'
 group by B
 order by sum(D) desc
 label sum(D) 'ಪ್ರತಿಗಳು'", 1)
```

ಸೂತ್ರಕ್ಕೆ ಮೂರು ಭಾಗಗಳಿವೆ: ದತ್ತಾಂಶದ ವ್ಯಾಪ್ತಿ, ಜೋಡಿ ಉದ್ಧರಣ ಚಿಹ್ನೆಗಳ ನಡುವಿನ ಪ್ರಶ್ನೆ, ಶೀರ್ಷಿಕೆ ಸಾಲುಗಳ ಸಂಖ್ಯೆ. ಕೊನೆಯ `1` ಅನ್ನು ಬಿಟ್ಟರೆ ಶೀರ್ಷಿಕೆ ಯಾವುದೆಂದು ಸೂತ್ರವೇ ಊಹಿಸುತ್ತದೆ. ಆ ಊಹೆ ಎಲ್ಲ ಸಲವೂ ಸರಿಯಾಗುವುದಿಲ್ಲವಾದ್ದರಿಂದ ಅದನ್ನು ಬರೆಯುವುದೇ ಲೇಸು.

ಪ್ರಶ್ನೆಯೊಳಗೆ `where` ಸಾಲುಗಳನ್ನು ಸೋಸುತ್ತದೆ, `group by` ಊರಿನ ಪ್ರಕಾರ ಗುಂಪು ಮಾಡುತ್ತದೆ, `order by` ಇಳಿಕೆಯ ಕ್ರಮದಲ್ಲಿ ಜೋಡಿಸುತ್ತದೆ, `label` ಫಲಿತದ ಶೀರ್ಷಿಕೆಗೆ ಹೆಸರಿಡುತ್ತದೆ. ಇವುಗಳ ಅನುಕ್ರಮವನ್ನು ಹಿಂದುಮುಂದು ಮಾಡುವಂತಿಲ್ಲ. ಹಾಳೆಯಲ್ಲಿ ದಿನಾಂಕ ಹೇಗೇ ಕಾಣಲಿ, ಪ್ರಶ್ನೆಯೊಳಗೆ ಅದನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲೇ `date` ಪದದೊಡನೆ ಬರೆಯಬೇಕು. `sum` ಒಂದು ಕಂಬಸಾಲನ್ನು ಮಾತ್ರ ಕೂಡಬಲ್ಲದು. ಪ್ರತಿಗಳನ್ನು ಬೆಲೆಯಿಂದ ಗುಣಿಸಿ ಕೂಡುವ ಕೆಲಸ ಅದರೊಳಗೆ ಆಗದು. ಆದುದರಿಂದಲೇ ಪಟ್ಟಿಯಲ್ಲಿ ಮೊತ್ತಕ್ಕೆ ಪ್ರತ್ಯೇಕ ಕಂಬಸಾಲಿದೆ.

ಇಲ್ಲಿಯವರೆಗಿನ ತಪ್ಪುಗಳು ಸದ್ದು ಮಾಡುವ ತಪ್ಪುಗಳು. ಅನುಕ್ರಮ ಕೆಟ್ಟರೆ, ಅಥವಾ `select`ನಲ್ಲಿರುವ ಊರನ್ನು `group by`ನಲ್ಲಿ ಮರೆತರೆ, ಕೋಶದಲ್ಲಿ `#VALUE!` ಎಂದು ಕಾಣಿಸಿಕೊಳ್ಳುತ್ತದೆ. ಮೇಲಿನ ಸೂತ್ರ ಹಾಗೆ ತಡೆಯದೆ ಅಚ್ಚುಕಟ್ಟಾದ ಉತ್ತರವನ್ನೇ ಕೊಡುತ್ತದೆ:

| ಊರು | ಪ್ರತಿಗಳು |
|---|---|
| ಕಾಸರಗೋಡು | 22 |
| ಅಕ್ಕಲಕೋಟೆ | 21 |
| ತಾಳವಾಡಿ | 9 |
| ಸೊಲ್ಲಾಪುರ | 8 |

ಈ ಉತ್ತರ ತಪ್ಪು. ಸೊಲ್ಲಾಪುರದಲ್ಲಿ ಮಾರಾಟವಾದುದು 28 ಪ್ರತಿ. ಮೊದಲನೆಯ ಸ್ಥಾನದಲ್ಲಿರಬೇಕಾದ ಊರು ಕೊನೆಗೆ ಹೋಗಿದೆ.

ಕಾರಣ ‘20 ಪ್ರತಿ’ ಎಂಬ ನಮೂದು. ಮನುಷ್ಯರ ಕಣ್ಣಿಗೆ ಅದು ಸಂಖ್ಯೆಯಾದರೂ ಹಾಳೆಗೆ ಅದು ಪಠ್ಯ. `QUERY` ಪ್ರತಿಯೊಂದು ಕಂಬಸಾಲಿಗೂ ಒಂದೇ ಬಗೆಯ ದತ್ತಾಂಶವಿದೆಯೆಂದು ಗ್ರಹಿಸುತ್ತದೆ. ಸಂಖ್ಯೆಯೂ ಪಠ್ಯವೂ ಬೆರೆತಿದ್ದರೆ ಬಹುಸಂಖ್ಯೆಯಲ್ಲಿರುವ ಬಗೆಯನ್ನು ಇಡೀ ಕಂಬಸಾಲಿನ ಬಗೆಯೆಂದು ಸ್ವೀಕರಿಸಿ, ಅಲ್ಪಸಂಖ್ಯೆಯಲ್ಲಿರುವವನ್ನು ಖಾಲಿ ಎಂದೇ ಪರಿಗಣಿಸುತ್ತದೆ. ಇಲ್ಲಿ ಏಳು ಕೋಶಗಳಲ್ಲಿ ಸಂಖ್ಯೆಯಿದೆ, ಒಂದರಲ್ಲಿ ಪಠ್ಯವಿದೆ. ಆ ಒಂದು ಕೋಶ ಲೆಕ್ಕದಿಂದ ಹೊರಗುಳಿಯಿತು, ಎಚ್ಚರಿಕೆಯೊಂದೂ ಬರಲಿಲ್ಲ. ಪಠ್ಯವೇ ಹೆಚ್ಚಾಗಿದ್ದರೆ `sum` ಕೆಲಸ ಮಾಡಲೊಲ್ಲದೆ ದೋಷವನ್ನು ತೋರಿಸುತ್ತಿತ್ತು. ತಪ್ಪು ನಮೂದುಗಳು ಕೆಲವೇ ಇದ್ದಾಗ ಅವು ಹೆಚ್ಚು ಅಪಾಯಕಾರಿ ಎಂಬುದು ಈ ಸೂತ್ರದ ವಿಚಿತ್ರ ಗುಣ.

ಇದನ್ನು ಪತ್ತೆಹಚ್ಚಲು ಎರಡು ದಾರಿಗಳಿವೆ. ಮೊದಲನೆಯದು, ಪ್ರಶ್ನೆಗೆ `sum(E)`ಯನ್ನೂ ಸೇರಿಸುವುದು. ಆಗ ಸೊಲ್ಲಾಪುರದ ಎದುರು 8 ಪ್ರತಿಗಳಿಗೆ 4000 ರೂಪಾಯಿ, ಎಂದರೆ ಪ್ರತಿಗೆ 500 ರೂಪಾಯಿ, ಎಂದು ಕಾಣುತ್ತದೆ. ಪಟ್ಟಿಯಲ್ಲಿ ಗಾದೆಗಳ ಬೆಲೆ 100, ಶಬ್ದಕೋಶದ ಬೆಲೆ 250 ಆಗಿರುವಾಗ ಇದು ಅಸಾಧ್ಯ. ಎರಡನೆಯದು ಇನ್ನೂ ನೇರವಾದುದು. ತುಂಬಿದ ಕೋಶಗಳನ್ನೂ ಸಂಖ್ಯೆಯಿರುವ ಕೋಶಗಳನ್ನೂ ಬೇರೆಬೇರೆಯಾಗಿ ಎಣಿಸಿ ಕಳೆಯಬೇಕು:

```
=COUNTA('ಮಾರಾಟ'!D2:D9)-COUNT('ಮಾರಾಟ'!D2:D9)
```

ಉತ್ತರ ಸೊನ್ನೆ ಬರಬೇಕು. ಈ ಪಟ್ಟಿಯಲ್ಲಿ 1 ಬರುತ್ತದೆ. ಆ ಸಾಲು ಯಾವುದೆಂದು ತಿಳಿಯಲು ಹೀಗೆ ಕೇಳಬಹುದು:

```
=FILTER('ಮಾರಾಟ'!A2:E9, ISTEXT('ಮಾರಾಟ'!D2:D9))
```

ಕೋಶದಲ್ಲಿ 20 ಎಂದಷ್ಟೇ ಬರೆದೊಡನೆ ಫಲಿತ ತಾನಾಗಿಯೇ ಬದಲಾಗಿ ಸೊಲ್ಲಾಪುರ 28ರೊಂದಿಗೆ ಮೇಲಕ್ಕೆ ಬರುತ್ತದೆ. ನಾಲ್ಕು ಊರುಗಳ ಒಟ್ಟು 60ರಿಂದ 80ಕ್ಕೆ ಏರುತ್ತದೆ. ‘ಪ್ರತಿ’ ಎಂಬ ಪದ ಕಣ್ಣಿಗೆ ಕಾಣಲೇಬೇಕೆಂದಿದ್ದರೆ ಅದನ್ನು ಬೆರಳಚ್ಚಿಸದೆ, ಸಂಖ್ಯೆಯ ಸ್ವರೂಪವಾಗಿ `0" ಪ್ರತಿ"` ಎಂದು ನಿಗದಿಪಡಿಸಬೇಕು. ಆಗ ಪದ ಕಾಣುತ್ತದೆ, ಒಳಗಿನ ಮೌಲ್ಯ ಸಂಖ್ಯೆಯಾಗಿಯೇ ಉಳಿಯುತ್ತದೆ.

ದಿನಾಂಕದ ಕಂಬಸಾಲಿಗೂ ಇದೇ ನಿಯಮ ಅನ್ವಯಿಸುತ್ತದೆ. ಹಾಳೆಯ ಪ್ರದೇಶವು ಅಮೆರಿಕ ಎಂದಿದ್ದರೆ 18/05/2024 ಎಂಬುದು ಪಠ್ಯವಾಗಿ ಉಳಿದು ಸೋಸುವಾಗ ಜಾರಿಹೋಗಬಹುದು. 04/05/2024 ಎಂಬುದು ಏಪ್ರಿಲ್ 5 ಆಗುತ್ತದೆ. ಎರಡನೆಯದನ್ನು ಮೇಲಿನ ಪರೀಕ್ಷೆಯೂ ಹಿಡಿಯಲಾರದು. ದಾಖಲೆ ಆರಂಭಿಸುವ ಮೊದಲೇ ಪ್ರದೇಶವನ್ನು ಭಾರತವೆಂದು ಆರಿಸಿಕೊಳ್ಳುವುದೇ ಇದಕ್ಕೆ ಪರಿಹಾರ.

ಊರಿನ ಕಂಬಸಾಲಿನಲ್ಲಿ ಎದುರಾಗುವ ತೊಡಕು ಗಡಿನಾಡಿಗೆ ಹೆಚ್ಚು ಪರಿಚಿತವಾದುದು. ಒಂದೇ ಊರಿಗೆ ಎರಡು ಭಾಷೆಗಳ ರೂಢಿಯಿರುವಲ್ಲಿ ಒಬ್ಬರು ‘ಸೊಲ್ಲಾಪುರ’ ಎಂದೂ ಮತ್ತೊಬ್ಬರು ‘ಸೋಲಾಪುರ’ ಎಂದೂ ಬರೆಯುವುದು ಸಹಜ. ಸೂತ್ರಕ್ಕೆ ಅವು ಎರಡು ಊರುಗಳು. ಪದದ ಕೊನೆಯಲ್ಲಿ ಉಳಿದ ಕಾಣದ ತೆರಪೂ ಹೊಸ ಗುಂಪೊಂದನ್ನು ಸೃಷ್ಟಿಸುತ್ತದೆ. `select B, count(B) group by B` ಎಂಬ ಪ್ರಶ್ನೆ ಹಾಳೆಯಲ್ಲಿರುವ ಎಲ್ಲ ರೂಪಗಳನ್ನೂ ಎಣಿಕೆಯೊಡನೆ ಮುಂದಿಡುತ್ತದೆ. ಒಪ್ಪಿತ ರೂಪಗಳನ್ನು ಆಯ್ಕೆಪಟ್ಟಿಯಾಗಿ ಆ ಕಂಬಸಾಲಿಗೆ ಅಳವಡಿಸಿದರೆ ಮುಂದೆ ಈ ಭೇದ ತಲೆದೋರದು.

ಸೂತ್ರದಲ್ಲಿ `A1:E9` ಬದಲು `A1:E` ಎಂದು ಬರೆದರೆ ಹೊಸ ಸಾಲುಗಳೂ ತಾವಾಗಿ ಸೇರುತ್ತವೆ. ಕೆಳಗಿನ ಖಾಲಿ ಸಾಲುಗಳನ್ನು ದಿನಾಂಕದ ಷರತ್ತೇ ಹೊರಗಿಡುತ್ತದೆ. ಎಣಿಕೆಯ ಪರೀಕ್ಷೆಯನ್ನೂ `D2:D` ಎಂದು ವಿಸ್ತರಿಸಿ ಫಲಿತದ ಪಕ್ಕದಲ್ಲೇ ಇರಿಸಬೇಕು. ಅಲ್ಲಿ ಸೊನ್ನೆಯಿದ್ದರೆ ಪ್ರತಿಗಳ ಕಂಬಸಾಲಿನ ಯಾವ ನಮೂದೂ ಪಠ್ಯವೆಂಬ ಕಾರಣಕ್ಕೆ ಲೆಕ್ಕದಿಂದ ಬಿಟ್ಟುಹೋಗಿಲ್ಲವೆಂದು ತಿಳಿಯಬಹುದು.