ಮಾತಿಗಿಂತ ಮುಂದೆ ಓಡುವ ಅಕ್ಷರಗಳು

ನಮ್ಮೂರಿನ ಚಿತ್ರ ಸಮಾಜದ ಪ್ರದರ್ಶನಕ್ಕೆಂದು ಗೆಳೆಯರೊಬ್ಬರು ಹಳೆಯ ಇಟಾಲಿಯನ್ ಸಿನಿಮಾವೊಂದಕ್ಕೆ ಕನ್ನಡ ಸಬ್‌ಟೈಟಲ್ ಬರೆದುಕೊಟ್ಟಿದ್ದರು. ಅವರು ಬರೆದದ್ದು ಯುರೋಪಿನಿಂದ ತರಿಸಿದ್ದ ಡಿವಿಡಿ ನೋಡುತ್ತಾ. ನಾವು ತೋರಿಸಬೇಕಿದ್ದದ್ದು ಅದೇ ಚಿತ್ರದ ಬ್ಲೂ-ರೇ ಪ್ರತಿ. ಹಿಂದಿನ ರಾತ್ರಿ ಒಮ್ಮೆ ಹಾಕಿ ನೋಡಿದರೆ, ಪರದೆಯ ಮೇಲೆ ಯಾರೂ ಬಾಗಿಲ ಬಳಿ ಬಂದೇ ಇರಲಿಲ್ಲ, ಕೆಳಗೆ ಮಾತ್ರ 'ಬಾಗಿಲು ತೆಗೆಯಿರಿ' ಎಂಬ ಸಾಲು ಬಂದು ಹೋಯಿತು. ಹದಿಮೂರು ಸೆಕೆಂಡ್‌ಗೂ ಹೆಚ್ಚು ಕಳೆದ ಮೇಲೆ ಆ ಮಾತು ಕೇಳಿಸಿತು.

ಇಂಥ ಹೊತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ವಿಎಲ್‌ಸಿ ಪ್ಲೇಯರ್‌ನಲ್ಲಿ ಸಬ್‌ಟೈಟಲನ್ನು ಹದಿಮೂರೂವರೆ ಸೆಕೆಂಡ್ ತಡವಾಗಿ ಬರುವಂತೆ ಇಟ್ಟೆವು. ಮಾತಿಗೂ ಅಕ್ಷರಕ್ಕೂ ತಾಳ ಕೂಡಿತು. ಆದರೆ ಅಲ್ಲಿಂದ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅಕ್ಷರಗಳು ಮತ್ತೆ ಇಪ್ಪತ್ತನಾಲ್ಕು ಸೆಕೆಂಡ್ ಮುಂದೆ ಹೋಗಿದ್ದವು.

ಕಾಯಿಲೆಯ ಗುರುತು ಇದೇ. ಅಂತರ ಚಿತ್ರದುದ್ದಕ್ಕೂ ಒಂದೇ ಸಮನಾಗಿದ್ದರೆ ಸಾಲುಗಳನ್ನೆಲ್ಲ ಒಟ್ಟಿಗೆ ಹಿಂದೆ ಸರಿಸಿದರೆ ಸಾಕು. ಅಂತರ ನಿಮಿಷ ನಿಮಿಷಕ್ಕೂ ಬೆಳೆಯುತ್ತಿದ್ದರೆ ಸರಿಸುವುದರಿಂದ ಪ್ರಯೋಜನವಿಲ್ಲ. ಅಲ್ಲಿ ಇಡೀ ಸಬ್‌ಟೈಟಲನ್ನು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು.

ಇದು ಯಾಕೆ ಹೀಗಾಗುತ್ತದೆ? ಸಿನಿಮಾ ಚಿತ್ರೀಕರಣವಾಗುವುದು ಸೆಕೆಂಡಿಗೆ 24 ಫ್ರೇಮ್‌ಗಳ ಲೆಕ್ಕದಲ್ಲಿ. ಯುರೋಪಿನಲ್ಲಿ ವಿದ್ಯುತ್ತು 50 ಹರ್ಟ್ಜ್‌ನದು, ಅದಕ್ಕೆ ಹೊಂದುವಂತೆ ಅಲ್ಲಿನ ಟೀವಿ ಸೆಕೆಂಡಿಗೆ 25 ಚಿತ್ರ ತೋರಿಸುತ್ತಿತ್ತು. ನಮ್ಮ ದೂರದರ್ಶನದ ಪದ್ಧತಿಯೂ ಅದೇ. ಅಂಥ ಟೀವಿಗೆ ಸಿನಿಮಾ ಹೊಂದಿಸಲು ಅವರು ಹಿಡಿದ ಸುಲಭದ ದಾರಿಯೆಂದರೆ, 24 ಫ್ರೇಮಿನ ಚಿತ್ರವನ್ನು 25ರ ವೇಗದಲ್ಲಿ ಓಡಿಸಿಬಿಡುವುದು. ಎರಡು ಗಂಟೆಯ ಚಿತ್ರ ಒಂದು ಗಂಟೆ ಐವತ್ತೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಧ್ವನಿಯೂ ಚೂರು ಏರುತ್ತದೆ, ಆದರೆ ನೋಡುವವರಿಗೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಗೆಳೆಯರ ಬಳಿ ಇದ್ದದ್ದು ಹೀಗೆ ವೇಗ ಹೆಚ್ಚಿಸಿದ ಪ್ರತಿ.

ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟೀವಿಯ ಪದ್ಧತಿ ಬಂದಾಗ ಅಲ್ಲಿನ 30 ಚಿತ್ರಗಳ ವೇಗವನ್ನು ಸಾವಿರದಲ್ಲೊಂದು ಪಾಲಿನಷ್ಟು ಇಳಿಸಿದರು. ಅದರ ಜೊತೆ ನಡೆಯಲು ಸಿನಿಮಾದ 24 ಕೂಡ 23.976 ಆಯಿತು. ಬಹುಪಾಲು ಬ್ಲೂ-ರೇಗಳಲ್ಲಿ ಇಂದಿಗೂ ಕಾಣುವುದು ಆ ಸಂಖ್ಯೆಯೇ. ನಮ್ಮ ಡಿಸ್ಕಿನಲ್ಲೂ ಅದೇ ಇತ್ತು.

25ನ್ನು 23.976ರಿಂದ ಭಾಗಿಸಿದರೆ 1.0427 ಬರುತ್ತದೆ. ಡಿವಿಡಿಯಲ್ಲಿ 57 ಸೆಕೆಂಡ್ 54 ನೂರಂಶಕ್ಕೆ ಮುಗಿಯುವ ದೃಶ್ಯ ಬ್ಲೂ-ರೇಯಲ್ಲಿ ಪೂರ್ತಿ ಒಂದು ನಿಮಿಷ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ ಎರಡೂವರೆ ಸೆಕೆಂಡಿನಷ್ಟು ಅಂತರ ಗಂಟೆಗೆ ಸುಮಾರು ಎರಡೂವರೆ ನಿಮಿಷವಾಗುತ್ತದೆ.

ಸಬ್‌ಟೈಟಲ್ ಕಡತಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಆರ್‌ಟಿ. ಅದು ಬರಿಯ ಅಕ್ಷರದ ಕಡತ, ನೋಟ್‌ಪ್ಯಾಡಿನಲ್ಲೇ ತೆರೆದು ಓದಬಹುದು. ನಮ್ಮ ಕಡತದ ಒಂದು ತುಣುಕು ಹೀಗಿತ್ತು:

```
12
00:02:10,400 --> 00:02:12,900
ಬಾಗಿಲು ತೆಗೆಯಿರಿ.
```

ಗಂಟೆ, ನಿಮಿಷ, ಸೆಕೆಂಡ್, ಅಲ್ಪವಿರಾಮದ ಆಚೆಗೆ ಸೆಕೆಂಡಿನ ಸಾವಿರದ ಅಂಶ. ಇಲ್ಲಿ ಫ್ರೇಮಿನ ಮಾತೇ ಇಲ್ಲ. ಯಾವ ವೇಗದ ಪ್ರತಿಗೆ ಬರೆದದ್ದು ಎಂಬುದು ಕಡತದೊಳಗೆ ಎಲ್ಲೂ ದಾಖಲಾಗದ ಕಾರಣ ಪ್ಲೇಯರ್ ತಾನಾಗಿ ತಿದ್ದಿಕೊಳ್ಳಲಾರದು. ನಾವೇ ಅಳೆಯಬೇಕು.

ಅಳೆಯಲು ಎರಡು ಸಾಲು ಬೇಕು, ಒಂದು ಆರಂಭದ್ದು, ಒಂದು ಕೊನೆಯ ಭಾಗದ್ದು. ಭಾಷೆ ಬಾರದಿದ್ದರೂ ಗುರುತು ಸಿಗುವಂಥ ಸಾಲುಗಳನ್ನು ಆರಿಸಿಕೊಳ್ಳಿ: ಯಾರದೋ ಹೆಸರು ಕೂಗುವುದು, ಫೋನ್ ಎತ್ತಿ 'ಹಲೋ' ಎನ್ನುವುದು. ನಾವು ಬಾಗಿಲಿನ ಮಾತನ್ನೂ, ಕೊನೆಯಲ್ಲಿ ತಾಯಿ ಮಗನ ಹೆಸರು ಕೂಗುವುದನ್ನೂ ಹಿಡಿದೆವು. ಕಡತದಲ್ಲಿ ಇವು 2 ನಿಮಿಷ 10.4 ಸೆಕೆಂಡಿಗೆ ಮತ್ತು 1 ಗಂಟೆ 48 ನಿಮಿಷ 30 ಸೆಕೆಂಡಿಗೆ ಇದ್ದವು. ಬ್ಲೂ-ರೇಯಲ್ಲಿ ಕಿವಿಗೆ ಬಿದ್ದದ್ದು 2 ನಿಮಿಷ 24 ಸೆಕೆಂಡಿಗೆ ಮತ್ತು 1 ಗಂಟೆ 53 ನಿಮಿಷ 16 ಸೆಕೆಂಡಿಗೆ.

ಎರಡು ಸಾಲುಗಳ ನಡುವಿನ ದೂರ ಕಡತದಲ್ಲಿ 6379.6 ಸೆಕೆಂಡ್, ಚಿತ್ರದಲ್ಲಿ 6652 ಸೆಕೆಂಡ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.0427. ಅನುಮಾನ ಖಚಿತವಾಯಿತು. ಈಗ ಮೊದಲ ಸಾಲಿನ 130.4 ಸೆಕೆಂಡನ್ನು ಇದರಿಂದ ಗುಣಿಸಿದರೆ ಸುಮಾರು 136 ಬರುತ್ತದೆ, ಆದರೆ ಮಾತು ಕೇಳಿಸಿದ್ದು 144ಕ್ಕೆ. ಉಳಿದ 8 ಸೆಕೆಂಡ್ ಎಲ್ಲಿಂದ ಬಂತು? ಬ್ಲೂ-ರೇಯ ಮೊದಲಿಗೆ ಕಂಪನಿಯ ಲಾಂಛನವೊಂದು ಹೆಚ್ಚಾಗಿ ಸೇರಿತ್ತು. ಹೀಗೆ ಎರಡು ತೊಂದರೆ ಒಂದರ ಮೇಲೊಂದು ಕೂತಿದ್ದವು.

ತಿದ್ದಲು ನಾವು ಬಳಸಿದ್ದು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ. ಅದರ `Synchronization` ಪಟ್ಟಿಯಲ್ಲಿ `Change frame rate` ಆರಿಸಿ, 25ರಿಂದ 23.976ಕ್ಕೆ ಎಂದು ಕೊಟ್ಟರೆ ಪ್ರತಿ ಸಾಲಿನ ಸಮಯವೂ ಗುಣಿಸಲ್ಪಡುತ್ತದೆ. ಆಮೇಲೆ ಎಲ್ಲ ಸಾಲುಗಳನ್ನೂ 8 ಸೆಕೆಂಡ್ ಹಿಂದಕ್ಕೆ ತಳ್ಳಿದೆವು. ಈ ಕ್ರಮ ತಪ್ಪಬಾರದು. ಮೊದಲೇ ತಳ್ಳಿದರೆ ಆ 8 ಸೆಕೆಂಡ್ ಕೂಡ ಹಿಗ್ಗಿ, ಚಿತ್ರದುದ್ದಕ್ಕೂ ಸೆಕೆಂಡಿನ ಮೂರನೇ ಒಂದು ಪಾಲು ತಡವಾಗುತ್ತದೆ. ಈ ಲೆಕ್ಕದ ಗೋಜೇ ಬೇಡವೆನ್ನುವವರಿಗೆ ಅದೇ ಪಟ್ಟಿಯಲ್ಲಿ `Point sync` ಇದೆ. ಎರಡು ಸಾಲು ತೋರಿಸಿ ಅವುಗಳ ನಿಜವಾದ ಸಮಯ ಕೊಟ್ಟರೆ ಹಿಗ್ಗಿಸುವುದನ್ನೂ ತಳ್ಳುವುದನ್ನೂ ಅದೇ ಮಾಡಿಕೊಳ್ಳುತ್ತದೆ. ಬಾಗಿಲಿನ ಸಾಲು ಕೊನೆಗೆ ಹೀಗೆ ಕೂತಿತು:

```
12
00:02:23,969 --> 00:02:26,576
ಬಾಗಿಲು ತೆಗೆಯಿರಿ.
```

ಅಕ್ಷರ ಮುಂದೆ ಹೋಗುವ ಬದಲು ಹೊತ್ತು ಕಳೆದಂತೆ ಹಿಂದೆ ಬೀಳುತ್ತಿದ್ದರೆ ಸಬ್‌ಟೈಟಲ್ ನಿಧಾನದ ಪ್ರತಿಗೆ ಬರೆದದ್ದು. ಆಗ 23.976ರಿಂದ 25ಕ್ಕೆ, ಅಂದರೆ 0.959ರಿಂದ ಗುಣಿಸಬೇಕು. ಗಂಟೆಗೆ ಮೂರೂವರೆ ಸೆಕೆಂಡಿನಷ್ಟೇ ಜಾರುತ್ತಿದ್ದರೆ ಅದು 24 ಮತ್ತು 23.976ರ ನಡುವಿನ ಸಣ್ಣ ವ್ಯತ್ಯಾಸ.

ಬಹಳ ಜನ ಎಡವುವುದು 29.97ರಲ್ಲಿ. ಅಮೆರಿಕದ ಡಿವಿಡಿಗಳ ಮೇಲೆ ಈ ಸಂಖ್ಯೆ ಕಂಡು, 29.97ರಿಂದ 23.976ಕ್ಕೆ ಎಂದು ಬದಲಿಸಿಬಿಡುತ್ತಾರೆ. ಕಡತ ಒಂದೂಕಾಲು ಪಟ್ಟು ಉದ್ದವಾಗಿ ಪೂರ್ತಿ ಕೆಡುತ್ತದೆ. ಅಲ್ಲಿ ಚಿತ್ರವನ್ನು ವೇಗವಾಗಿ ಓಡಿಸಿರುವುದಿಲ್ಲ, ಕೆಲವು ಚಿತ್ರಭಾಗಗಳನ್ನು ಎರಡೆರಡು ಸಲ ತೋರಿಸಿ ಸಂಖ್ಯೆ ತುಂಬಿಸಿರುತ್ತಾರೆ. ಚಿತ್ರದ ಅವಧಿ ಹಾಗೇ ಇರುತ್ತದೆ, ಎಸ್‌ಆರ್‌ಟಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಹಾಗಾಗಿ ಫ್ರೇಮಿನ ಸಂಖ್ಯೆಗಿಂತ ಒಟ್ಟು ಅವಧಿಯನ್ನು ನಂಬುವುದು ಕ್ಷೇಮ.

ಇನ್ನೊಂದು ಬಗೆಯ ತೊಂದರೆಗೆ ಈ ಗುಣಾಕಾರ ಮದ್ದಲ್ಲ. ಚಿತ್ರದ ಅರ್ಧದವರೆಗೆ ಎಲ್ಲ ಸರಿಯಿದ್ದು ಯಾವುದೋ ದೃಶ್ಯದ ನಂತರ ಒಮ್ಮೆಲೇ ಇಪ್ಪತ್ತು ಸೆಕೆಂಡ್ ತಪ್ಪಿದರೆ, ಒಂದು ಪ್ರತಿಯಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿದ್ದಿದೆ ಎಂದರ್ಥ. ಅಲ್ಲಿಂದಾಚೆಯ ಸಾಲುಗಳನ್ನಷ್ಟೇ ಬೇರೆಯಾಗಿ ಸರಿಸಬೇಕು. ಇದು ಎರಡು ತುದಿ ಅಳೆದರೆ ಬಯಲಾಗುವುದಿಲ್ಲ. ಅದಕ್ಕೇ ನಾವು ತಿದ್ದಿದ ಮೇಲೆ ನಡುಭಾಗದ ಜಗಳದ ದೃಶ್ಯವೊಂದನ್ನು ಹಾಕಿ ನೋಡಿದೆವು. ಅಲ್ಲಿಯೂ ಮಾತು ಬಾಯಿಗೆ ಬರುವಾಗಲೇ ಅಕ್ಷರ ಬಂತು.

ಮರುದಿನದ ಪ್ರದರ್ಶನ ಮುಗಿದ ಮೇಲೆ ಎರಡೂ ಕಡತಗಳನ್ನು ಇಟ್ಟುಕೊಂಡೆವು. ಒಂದರ ಹೆಸರಿನ ಕೊನೆಗೆ `25`, ಇನ್ನೊಂದರ ಕೊನೆಗೆ `23.976`, ಜೊತೆಗೆ ಆಯಾ ಪ್ರತಿಯ ಒಟ್ಟು ಅವಧಿಯನ್ನೂ ಸೇರಿಸಿದೆವು. ಮುಂದೆ ಯಾರೇ ಈ ಚಿತ್ರ ತೋರಿಸಲಿ, ತಮ್ಮ ಕೈಯಲ್ಲಿರುವ ಪ್ರತಿ ಎಷ್ಟು ಹೊತ್ತು ಓಡುತ್ತದೆಂದು ನೋಡಿಕೊಂಡರೆ ಸಾಕು, ಯಾವ ಕಡತ ಹಾಕಬೇಕೆಂದು ಗೊತ್ತಾಗುತ್ತದೆ.