ಜೋಡಿ ಬಿಡಿಸುವ ಹುಳಿ

ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲೂ ಅದೇ ಇದೆ. ಒಂದಕ್ಕೊಂದು ಕನ್ನಡಿಯ ಬಿಂಬದಂತಿರುವ ಎರಡು ರೂಪಗಳಲ್ಲಿ ಈ ಅಣು ಇರಬಲ್ಲದು. ಆದರೆ ಹುಣಸೆಮರವಾಗಲಿ ದ್ರಾಕ್ಷಿಬಳ್ಳಿಯಾಗಲಿ ತಯಾರಿಸುವುದು ಅವುಗಳಲ್ಲಿ ಒಂದನ್ನೇ, ಬೆಳಕನ್ನು ಬಲಕ್ಕೆ ತಿರುಗಿಸುವುದನ್ನು. ಈ ಬಲಮುರಿ ಆಮ್ಲದ ನೆರವಿನಿಂದ ರಸಾಯನ ವಿಜ್ಞಾನಿಗಳು ಬಟ್ಟಿ ಇಳಿಸಿಯೂ ಬೇರ್ಪಡಿಸಲಾಗದ ಜೋಡಿಗಳನ್ನು ಬಿಡಿಸುತ್ತಾರೆ.

ಕಾಲೇಜು ಪ್ರಯೋಗಾಲಯಗಳಲ್ಲಿ ಇದಕ್ಕೆ ಹೆಚ್ಚಾಗಿ ಆರಿಸಿಕೊಳ್ಳುವುದು ಫೀನೈಲ್ ಈಥೈಲ್ ಅಮೀನ್ ಎಂಬ ಬಣ್ಣವಿಲ್ಲದ ದ್ರವವನ್ನು. ಸಾಮಾನ್ಯ ವಿಧಾನದಲ್ಲಿ ತಯಾರಿಸಿದಾಗ ಅದರ ಎಡಮುರಿ ಮತ್ತು ಬಲಮುರಿ ಅಣುಗಳು ಸರಿಸಮವಾಗಿ ಹುಟ್ಟುತ್ತವೆ. ಇಂಥ ಬೆರಕೆಯೇ ರೇಸಿಮಿಕ್ ಮಿಶ್ರಣ. ಎರಡೂ ರೂಪಗಳು ಕುದಿಯುವ ಉಷ್ಣತೆ ಒಂದೇ, ಸಾಂದ್ರತೆಯೂ ಒಂದೇ. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಹಾಯಿಸಿದರೆ ಮಾತ್ರ ವ್ಯತ್ಯಾಸ ಕಾಣುತ್ತದೆ: ಒಂದು ಆ ಸಮತಲವನ್ನು ಎಡಕ್ಕೆ ತಿರುಗಿಸಿದರೆ ಇನ್ನೊಂದು ಅಷ್ಟೇ ಕೋನದಷ್ಟು ಬಲಕ್ಕೆ ತಿರುಗಿಸುತ್ತದೆ. ಸಮಪಾಲಿನ ಮಿಶ್ರಣದಲ್ಲಿ ಒಂದರ ಕೆಲಸವನ್ನು ಇನ್ನೊಂದು ಅಳಿಸಿಹಾಕುವುದರಿಂದ ಸಿಗುವ ಕೋನ ಸೊನ್ನೆ.

ಟಾರ್ಟಾರಿಕ್ ಆಮ್ಲ ಸೇರಿದೊಡನೆ ಈ ಸಮತೆ ಮುರಿಯುತ್ತದೆ. ಆಮ್ಲ ಮತ್ತು ಅಮೀನ್ ಕೂಡಿ ಲವಣವಾಗುತ್ತವೆ. ಬಲಗೈಗೆ ಬಲಗೈ ಕೊಟ್ಟು ಕುಲುಕುವುದಕ್ಕೂ ಬಲಗೈಗೆ ಎಡಗೈ ಕೊಡುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, ಬಲಮುರಿ ಆಮ್ಲದೊಂದಿಗೆ ಬಲಮುರಿ ಅಮೀನ್ ಕೂಡುವುದಕ್ಕೂ ಎಡಮುರಿ ಅಮೀನ್ ಕೂಡುವುದಕ್ಕೂ ಅಷ್ಟು ವ್ಯತ್ಯಾಸವಿದೆ. ಹೀಗೆ ಹುಟ್ಟಿದ ಎರಡು ಲವಣಗಳು ಈಗ ಪರಸ್ಪರ ಕನ್ನಡಿ ಬಿಂಬಗಳಲ್ಲ. ಇವು ಡಯಾಸ್ಟೀರಿಯೋಮರ್‌ಗಳು, ಕರಗುವ ಗುಣದಲ್ಲೇ ಬೇರೆ ಬೇರೆ. 1853ರಲ್ಲಿ ಲೂಯಿ ಪಾಶ್ಚರ್ ಇದನ್ನೇ ತಿರುಗಿಸಿ ಮಾಡಿದ್ದರು. ಸಿಂಕೋನಾ ಮರದ ಕ್ಷಾರಗಳಿಂದ ಪಡೆದ ಒಂದೇ ರೂಪದ ಪ್ರತ್ಯಾಮ್ಲಗಳನ್ನು ಬಳಸಿ ಅವರು ರೇಸಿಮಿಕ್ ಟಾರ್ಟಾರಿಕ್ ಆಮ್ಲವನ್ನೇ ಎರಡಾಗಿ ಬಿಡಿಸಿದರು.

ಪ್ರಯೋಗದ ಅಳತೆ ಸರಳ. ಸುಮಾರು 31 ಗ್ರಾಂ ಬಲಮುರಿ ಆಮ್ಲವನ್ನು 450 ಮಿಲಿಲೀಟರ್ ಬಿಸಿ ಮೆಥನಾಲ್‌ನಲ್ಲಿ ಕರಗಿಸಿ, 25 ಗ್ರಾಂ ಅಮೀನನ್ನು ನೊರೆಯುಕ್ಕದಂತೆ ಎಚ್ಚರದಿಂದ ಬೆರೆಸಬೇಕು. ಆಮೇಲೆ ಒಂದು ದಿನ ಅಲುಗಿಸದೆ ಬಿಡಬೇಕು. ಎಡಮುರಿ ಅಮೀನಿನ ಲವಣ ಮೆಥನಾಲ್‌ನಲ್ಲಿ ಕಡಿಮೆ ಕರಗುವುದರಿಂದ ಅದು ಮೊದಲು ಹರಳುಗಟ್ಟುತ್ತದೆ. ಕೈ ಕೊಡುವುದೂ ಈ ಹಂತದಲ್ಲೇ. ಬೇಕಾದ ಹರಳುಗಳು ದಪ್ಪಗೆ, ಪಟ್ಟಕಗಳ ಆಕಾರದಲ್ಲಿರುತ್ತವೆ. ಕೆಲವೊಮ್ಮೆ ಅವುಗಳ ಬದಲು ಸೂಜಿಯಂಥ ತೆಳ್ಳನೆಯ ಹರಳುಗಳು ತುಂಬಿಕೊಳ್ಳುತ್ತವೆ. ಅವುಗಳಿಂದ ಸಿಗುವ ಅಮೀನಿನ ಶುದ್ಧತೆ ಕಡಿಮೆ. ಆಗ ಸೋಸಿ ಮುಂದುವರಿಯುವುದರಲ್ಲಿ ಅರ್ಥವಿಲ್ಲ. ಮತ್ತೆ ಬಿಸಿಮಾಡಿ ಸೂಜಿಗಳನ್ನು ಕರಗಿಸಿ, ಸಿಕ್ಕರೆ ಒಂದು ಪಟ್ಟಕದ ಹರಳನ್ನು ಬೀಜವಾಗಿ ಹಾಕಿ, ನಿಧಾನವಾಗಿ ತಣಿಸುವುದೇ ದಾರಿ.

ಸೋಸಿದ ಹರಳಿಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿದರೆ ಅಮೀನ್ ಬಿಡುಗಡೆಯಾಗುತ್ತದೆ. ಈಥರ್‌ನಿಂದ ಅದನ್ನು ಎತ್ತಿಕೊಂಡು, ಈಥರ್ ಆವಿಯಾದ ಮೇಲೆ ಬಟ್ಟಿ ಇಳಿಸುತ್ತಾರೆ.

ಎಷ್ಟರಮಟ್ಟಿಗೆ ಬೇರ್ಪಟ್ಟಿದೆ ಎಂದು ತಿಳಿಸುವುದು ಪೋಲಾರಿಮೀಟರ್. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ, 10 ಸೆಂಟಿಮೀಟರ್ ಕೊಳವೆಯಲ್ಲಿಟ್ಟ ಅಮೀನ್ −30.6 ಡಿಗ್ರಿ ತೋರಿಸಿತು ಎಂದುಕೊಳ್ಳೋಣ. ದ್ರವದ ಸಾಂದ್ರತೆ 0.95. ಭಾಗಿಸಿದರೆ ವಿಶಿಷ್ಟ ಭ್ರಮಣೆ −32.2. ಶುದ್ಧ ಎಡಮುರಿ ಅಮೀನಿನದು −40.3. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವ ಶೇ. 80, ಎನಾನ್ಶಿಯೋಮರ್ ಹೆಚ್ಚಳ. ಇದನ್ನು ಎಡ 80, ಬಲ 20 ಎಂದು ಓದುವ ತಪ್ಪು ಬಹಳ ಸಾಮಾನ್ಯ. ನೂರರಲ್ಲಿ 20 ಪಾಲು ಹತ್ತು ಹತ್ತಾಗಿ ಪರಸ್ಪರ ಅಳಿಸಿಹೋಗಿದೆ, ಉಳಿದ 80 ಪೂರ್ತಿ ಎಡಮುರಿ. ಹಾಗಾಗಿ ನಿಜವಾದ ಪ್ರಮಾಣ ಎಡ 90, ಬಲ 10.

ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಸ್ವಲ್ಪ ಈಥರ್ ಉಳಿದಿದ್ದರೂ ಅಮೀನ್ ತೆಳುವಾಗಿ ಕೋನ ಕುಗ್ಗುತ್ತದೆ, ಬೇರ್ಪಡಿಕೆ ಚೆನ್ನಾಗಿ ಆಗಿದ್ದರೂ ಕೆಟ್ಟಂತೆ ಕಾಣುತ್ತದೆ. ಕೆಲವು ವಸ್ತುಗಳಲ್ಲಂತೂ ಭ್ರಮಣೆ ಹೆಚ್ಚಳಕ್ಕೆ ನೇರ ಅನುಪಾತದಲ್ಲಿ ಇರುವುದೇ ಇಲ್ಲ. ಫ್ರಾನ್ಸಿನ ಅಲೆಂ ಒರೋ ಒಂದು ಸಕ್ಸಿನಿಕ್ ಆಮ್ಲದ ಮೇಲೆ ನಡೆಸಿದ ಅಳತೆಗಳಿಂದ ಇದನ್ನು ತೋರಿಸಿದರು. ಅಣುಗಳು ದ್ರಾವಣದಲ್ಲಿ ಪರಸ್ಪರ ಅಂಟಿಕೊಳ್ಳುವುದು ಇದಕ್ಕೆ ಕಾರಣ. ಆದ್ದರಿಂದ ಈಗ ಎರಡೂ ರೂಪಗಳನ್ನು ಬೇರೆಬೇರೆಯಾಗಿ ಎಣಿಸಬಲ್ಲ ಕೈರಲ್ ಕ್ರೊಮ್ಯಾಟೋಗ್ರಫಿಯಿಂದ ಫಲಿತಾಂಶವನ್ನು ಖಚಿತಪಡಿಸಿಕೊಳ್ಳುವುದು ವಾಡಿಕೆ.

ಹರಳು ಸೋಸಿದ ಮೇಲೆ ಉಳಿದ ದ್ರಾವಣವನ್ನು ಚೆಲ್ಲಬಾರದು. ಅದರಲ್ಲಿ ಬಲಮುರಿ ಅಮೀನ್ ಹೆಚ್ಚಾಗಿದೆ, ಆದರೆ ಶುದ್ಧವಾಗಿಲ್ಲ. ಅದನ್ನು ಬಿಡಿಸಿಕೊಂಡು, ಹುಣಸೆಯಲ್ಲಿ ಸಿಗದ ಎಡಮುರಿ ಟಾರ್ಟಾರಿಕ್ ಆಮ್ಲದೊಂದಿಗೆ ಅದೇ ಕ್ರಮವನ್ನು ನಡೆಸಿದರೆ ಈ ಸಲ ಹರಳುಗಟ್ಟುವುದು ಬಲಮುರಿ ಅಮೀನಿನ ಲವಣ. ಹೀಗೆ ಶುದ್ಧವಾದ ಅಮೀನ್ ಮುಂದೆ ತಾನೇ ಬೇರೆ ಜೋಡಿಗಳನ್ನು ಬಿಡಿಸುತ್ತದೆ. ನೋವು ನಿವಾರಕ ಐಬುಪ್ರೊಫೆನ್ ಒಂದು ಆಮ್ಲ, ಅದರ ಎರಡು ರೂಪಗಳನ್ನು ಲವಣವಾಗಿಸಿ ಬೇರ್ಪಡಿಸಲು ಇದೇ ಅಮೀನ್ ಬಳಕೆಯಲ್ಲಿದೆ.