ಕುಪ್ಪಳಿಯವರಿಗೊಂದು, ಕೋಟದವರಿಗೊಂದು ಕಾಲಂ

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯಿಂದ ನನಗೊಂದು ಆಮಂತ್ರಣ ಬಂತು. ‘ಪ್ರಿಯ ಹೊಸಹಳ್ಳಿ ಅವರೇ’ ಎಂದು ಶುರುವಾಗಿತ್ತು. ಹೊಸಹಳ್ಳಿ ನಮ್ಮೂರು. ಊರಿಗೇ ಕಾಗದ ಬರೆದಿದ್ದಾರೆಂದು ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು. ಆಮೇಲೆ ಎಕ್ಸೆಲ್‌ನಲ್ಲಿ ಹೆಸರಿನ ಪಟ್ಟಿ ಒಡೆಯುವ ಕೆಲಸ ನನ್ನ ತಲೆಗೇ ಬಿದ್ದಾಗ, ಆ ತಪ್ಪು ಹೇಗಾಗಿತ್ತು ಅನ್ನುವುದು ತಿಳಿಯಿತು. ಹೆಸರಿನ ಮೊದಲ ತುಂಡನ್ನೇ ಅವರು ನನ್ನ ಹೆಸರು ಅಂದುಕೊಂಡಿದ್ದರು.

ಒಂದೇ ಕಾಲಂನಲ್ಲಿರುವ ಪೂರ್ತಿ ಹೆಸರನ್ನು ತುಂಡು ಮಾಡಿ ಬೇರೆ ಬೇರೆ ಕಾಲಂಗಳಿಗೆ ಹಾಕಲು ಎಕ್ಸೆಲ್‌ನಲ್ಲಿ Text to Columns ಎಂಬ ಸೌಲಭ್ಯವಿದೆ. ಬಳಸುವುದು ಕಷ್ಟವಲ್ಲ, ಮೂರೇ ಪರದೆ. ಆದರೆ ಅದಕ್ಕೆ ಗೊತ್ತಿರುವುದು ಸ್ಪೇಸ್ ಎಲ್ಲಿದೆ ಎಂಬುದಷ್ಟೇ. ಯಾವುದು ಊರು, ಯಾವುದು ಅಪ್ಪನ ಹೆಸರು, ಯಾವುದು ಮನೆತನ ಎಂಬುದು ಅದಕ್ಕೆ ಗೊತ್ತಿಲ್ಲ.

ಎಲ್ಲರಿಗೂ ಗೊತ್ತಿರುವ ಎಂಟು ಹೆಸರುಗಳನ್ನೇ ತೆಗೆದುಕೊಳ್ಳೋಣ: ಕನ್ನಡಕ್ಕೆ ಜ್ಞಾನಪೀಠ ತಂದವರು. A1ರಲ್ಲಿ ‘ಪೂರ್ಣ ಹೆಸರು’ ಎಂಬ ತಲೆಬರಹ. A2ರಿಂದ A9ರವರೆಗೆ ಕ್ರಮವಾಗಿ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಕೋಟ ಶಿವರಾಮ ಕಾರಂತ, ಮಾಸ್ತಿ ವೆಂಕಟೇಶ ಅಯ್ಯಂಗಾರ್, ವಿನಾಯಕ ಕೃಷ್ಣ ಗೋಕಾಕ, ಉಡುಪಿ ರಾಜಗೋಪಾಲಾಚಾರ್ಯ ಅನಂತಮೂರ್ತಿ, ಗಿರೀಶ ಕಾರ್ನಾಡ, ಚಂದ್ರಶೇಖರ ಕಂಬಾರ. B ಕಾಲಂ ಸದ್ಯಕ್ಕೆ ಖಾಲಿ ಬಿಡಿ, ಅದಕ್ಕೆ ಬೇರೆ ಕೆಲಸವಿದೆ.

A2ರಿಂದ A9ರವರೆಗೆ ಆಯ್ಕೆ ಮಾಡಿ, ಮೇಲಿನ Data ಟ್ಯಾಬ್‌ನಲ್ಲಿ Text to Columns ಒತ್ತಿ. ಮೊದಲ ಪರದೆ ಕೇಳುವುದು ಎರಡರಲ್ಲಿ ಯಾವುದು ಎಂದು. Fixed width ಎಂದರೆ ಇಷ್ಟು ಅಕ್ಷರಕ್ಕೊಂದು ಗೆರೆ ಎಂದು ಅಳೆದು ಕತ್ತರಿಸುವುದು. ಹೆಸರಿನ ಉದ್ದ ಒಂದೇ ಇರುವುದಿಲ್ಲವಾದ್ದರಿಂದ ಅದು ನಮಗೆ ಬೇಡ. Delimited ಇಟ್ಟುಕೊಂಡು Next ಒತ್ತಿ. ಎರಡನೆಯ ಪರದೆಯಲ್ಲಿ Space ಎಂಬುದಕ್ಕೆ ಗುರುತು ಹಾಕಿ, ಉಳಿದವನ್ನು ತೆಗೆಯಿರಿ. ಪಕ್ಕದಲ್ಲೇ Treat consecutive delimiters as one ಎಂದಿರುತ್ತದೆ. ಅದಕ್ಕೂ ಗುರುತಿರಲಿ. ಟೈಪ್ ಮಾಡಿದವರು ಎರಡು ಪದಗಳ ನಡುವೆ ಕೈತಪ್ಪಿ ಎರಡು ಸ್ಪೇಸ್ ಒತ್ತಿದ್ದರೆ, ಈ ಗುರುತಿಲ್ಲದಾಗ ಮಧ್ಯೆ ಒಂದು ಖಾಲಿ ಕಾಲಂ ಹುಟ್ಟಿಕೊಂಡು ಆ ಸಾಲಿನ ಹೆಸರೆಲ್ಲ ಬಲಕ್ಕೆ ಸರಿಯುತ್ತದೆ.

ಕೆಳಗೆ ನಮೂನೆ ಕಾಣುತ್ತದೆ, ತುಂಡುಗಳ ನಡುವೆ ಉದ್ದ ಗೆರೆಗಳಿರುತ್ತವೆ. ಅಲ್ಲಿ ಸ್ವಲ್ಪ ನಿಲ್ಲಿ. ಕಣ್ಣಿಗೆ ಸ್ಪೇಸ್ ಕಾಣುತ್ತಿದ್ದರೂ ಯಾವುದೋ ಹೆಸರು ಒಡೆಯದೆ ಇಡಿಯಾಗಿ ಕುಳಿತಿದ್ದರೆ, ಅದು ವೆಬ್‌ಪುಟದಿಂದ ನಕಲು ಮಾಡಿದ ಹೆಸರಿರಬಹುದು. ಅಲ್ಲಿನ ಸ್ಪೇಸ್ ಮಾಮೂಲಿ ಸ್ಪೇಸ್‌ನಂತೆ ಕಂಡರೂ ಒಳಗಿನ ಸಂಕೇತ ಬೇರೆ. Cancel ಮಾಡಿ ಹೊರಬನ್ನಿ. ಆ ಸೆಲ್‌ನೊಳಗೆ ಹೋಗಿ ಆ ಸ್ಪೇಸನ್ನಷ್ಟೇ ನಕಲು ಮಾಡಿಕೊಂಡು, Ctrl+H ಒತ್ತಿ, Find what ಎಂಬಲ್ಲಿ ಅಂಟಿಸಿ. Replace with ಎಂಬಲ್ಲಿ ಕೀಲಿಮಣೆಯಿಂದ ಒಂದು ಸ್ಪೇಸ್ ಒತ್ತಿ Replace All ಕೊಟ್ಟರೆ ಸರಿಹೋಗುತ್ತದೆ.

ಹೆಚ್ಚಿನವರು ಎಡವುವುದು ಮೂರನೆಯ ಪರದೆಯಲ್ಲಿ. ಅಲ್ಲಿರುವ Destination ಎಂಬ ಪೆಟ್ಟಿಗೆಯಲ್ಲಿ ತಾನಾಗಿಯೇ $A$2 ಎಂದಿರುತ್ತದೆ. ಹಾಗೇ Finish ಒತ್ತಿದರೆ ಮೂಲ ಹೆಸರಿನ ಮೇಲೆಯೇ ತುಂಡುಗಳು ಬಂದು ಕೂರುತ್ತವೆ. ಪಕ್ಕದ B, Cಗಳಲ್ಲಿ ಫೋನ್ ನಂಬರು, ವಿಳಾಸ ಇದ್ದರೆ ಅವುಗಳ ಮೇಲೂ. ಬಲಗಡೆ ಮಾಹಿತಿ ಇದೆ, ಅಳಿಸಲೇ ಎಂದು ಎಕ್ಸೆಲ್ ಕೇಳುತ್ತದೆ ನಿಜ, ಆದರೆ ಅವಸರದಲ್ಲಿ OK ಒತ್ತದವರು ಯಾರು? ಅಲ್ಲಿ $C$2 ಎಂದು ಬದಲಿಸಿ, C, D, E ಮೂರೂ ಖಾಲಿ ಇವೆಯೆಂದು ನೋಡಿಕೊಂಡು Finish ಒತ್ತಿ.

ಈಗ ಬಂದಿರುವುದನ್ನು ಮೇಲಿಂದ ಕೆಳಗೆ ಓದಿ. C ಕಾಲಂನಲ್ಲಿ ಕುಪ್ಪಳಿ, ದತ್ತಾತ್ರೇಯ, ಕೋಟ, ಮಾಸ್ತಿ, ವಿನಾಯಕ, ಉಡುಪಿ, ಗಿರೀಶ, ಚಂದ್ರಶೇಖರ. ನಾಲ್ಕು ಊರು, ನಾಲ್ಕು ಮನುಷ್ಯರು! ಹಾಗಾದರೆ ಕೊನೆಯ ತುಂಡು ತೆಗೆದುಕೊಳ್ಳೋಣವೆಂದರೆ, ಪುಟ್ಟಪ್ಪ ಮತ್ತು ಅನಂತಮೂರ್ತಿ ಮಾತ್ರ ಸ್ವಂತ ಹೆಸರು. ಬೇಂದ್ರೆ, ಕಾರಂತ, ಕಾರ್ನಾಡ, ಕಂಬಾರ ಎಲ್ಲ ಮನೆತನಕ್ಕೆ ಸೇರಿದ್ದು. ಶಿವರಾಮ, ವೆಂಕಟೇಶ ಇಬ್ಬರೂ ನಡುವೆ ಸಿಕ್ಕಿಕೊಂಡಿದ್ದಾರೆ. ಅದೇ ನಡುವಿನ ಕಾಲಂನಲ್ಲಿ ಕುವೆಂಪು, ಬೇಂದ್ರೆ, ಗೋಕಾಕ, ಅನಂತಮೂರ್ತಿ ಇವರ ತಂದೆಯರ ಹೆಸರುಗಳಿವೆ. ಗಿರೀಶ, ಚಂದ್ರಶೇಖರರ ಸಾಲಿನಲ್ಲಿ ಎರಡೇ ತುಂಡಾದ್ದರಿಂದ ಮನೆತನ ಅಲ್ಲಿಗೇ ಬಂದು, E ಖಾಲಿ. ಒಟ್ಟಿನಲ್ಲಿ ಸ್ವಂತ ಹೆಸರು ಮೂರು ಕಾಲಂಗಳಲ್ಲೂ ಹಂಚಿಹೋಗಿದೆ.

ಇಂಗ್ಲಿಷ್ ಫಾರ್ಮುಗಳ First name, Last name ಲೆಕ್ಕ ನಮ್ಮಲ್ಲಿ ಕೂಡಿಬರದಿರುವುದು ಹೀಗೆ. ಹಳೆಯ ಮೈಸೂರಿನ ಕಡೆ ಊರು, ಅಪ್ಪನ ಹೆಸರು ಮುಂದಿಟ್ಟು ತನ್ನದನ್ನು ಕೊನೆಗಿಡುವ ರೂಢಿ. ಧಾರವಾಡದ ಕಡೆ ತನ್ನದು ಮೊದಲು, ಅಡ್ಡಹೆಸರು ಕೊನೆಗೆ. ಎರಡೂ ಬೆರೆತ ಪಟ್ಟಿಯನ್ನು ಯಾವ ಸೂತ್ರವೂ ತಾನಾಗಿ ಬಿಡಿಸಲಾರದು. ಓದುವ ಕನ್ನಡಿಗರೇ ಬೇಕು.

ಖಾಲಿ ಬಿಟ್ಟ B ಕಾಲಂ ಇದಕ್ಕೇ. ಪ್ರತಿ ಸಾಲಿನಲ್ಲಿ ಸ್ವಂತ ಹೆಸರು ಎಷ್ಟನೆಯ ತುಂಡೋ ಆ ಅಂಕಿಯನ್ನು ಅಲ್ಲಿ ಬರೆಯಿರಿ. ನಮ್ಮ ಪಟ್ಟಿಗೆ ಕ್ರಮವಾಗಿ 3, 1, 2, 2, 1, 3, 1, 1. ಆಮೇಲೆ F2ರಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=INDEX(C2:E2,B2)
```

ಪುಟ್ಟಪ್ಪ, ದತ್ತಾತ್ರೇಯ, ಶಿವರಾಮ, ವೆಂಕಟೇಶ ಎಂದು ಸಾಲಾಗಿ ಬರುತ್ತದೆ. ಇನ್ನೂರು ಹೆಸರಿದ್ದರೂ ಇನ್ನೂರು ಅಂಕಿ ಒತ್ತುವಷ್ಟೇ ಕೆಲಸ. ತುಂಡುಗಳನ್ನು ಕಟ್ ಮಾಡಿ ಅತ್ತಿತ್ತ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು, ತಪ್ಪಾದರೆ ಒಂದು ಅಂಕಿ ತಿದ್ದಿದರೆ ಸಾಕು. ನಾಲ್ಕು ತುಂಡಿನ ಹೆಸರುಗಳಿದ್ದರೆ ಸೂತ್ರದಲ್ಲಿ E2 ಇದ್ದಲ್ಲಿ F2 ಮಾಡಿ, ಸೂತ್ರವನ್ನು Gಗೆ ಸರಿಸಿ.

ಪೂರ್ತಿ ಹೆಸರಿನ ಬದಲು ಇನಿಷಿಯಲ್ ಇರುವ ಪಟ್ಟಿಗಳೇ ಹೆಚ್ಚು. ‘ಯು. ಆರ್. ಅನಂತಮೂರ್ತಿ’ ಎಂದು ಒಬ್ಬರು ಬರೆದರೆ ‘ಯು.ಆರ್.ಅನಂತಮೂರ್ತಿ’ ಎಂದು ಇನ್ನೊಬ್ಬರು ಅಂಟಿಸಿಬಿಡುತ್ತಾರೆ. ಬರೀ ಸ್ಪೇಸ್ ಹಿಡಿದು ಒಡೆದರೆ ಮೊದಲನೆಯದು ಮೂರು ತುಂಡು, ಎರಡನೆಯದು ಒಂದೇ. ಎರಡನೆಯ ಪರದೆಯಲ್ಲಿ Space ಜೊತೆಗೆ Other ಎಂಬುದಕ್ಕೂ ಗುರುತು ಹಾಕಿ, ಪಕ್ಕದ ಪುಟ್ಟ ಚೌಕದಲ್ಲಿ ಒಂದು ಚುಕ್ಕಿ ಇಡಿ. ಚುಕ್ಕಿ ಮತ್ತು ಸ್ಪೇಸ್ ಒಟ್ಟಿಗೆ ಬಂದಾಗ ಎರಡನ್ನೂ ಒಂದೇ ಎಂದೆಣಿಸಲು ಮೇಲೆ ಹೇಳಿದ ಗುರುತು ಇದ್ದೇ ಇದೆ. ಎರಡೂ ಹೆಸರು ಮೂರೇ ತುಂಡಾಗುತ್ತವೆ.

ಡಾ., ಶ್ರೀ, ಶ್ರೀಮತಿಗಳೂ ತುಂಡುಗಳೇ ಆಗುತ್ತವೆ. ಅಂಕಿ ಬರೆಯುವಾಗ ಅವನ್ನೂ ಎಣಿಸಿದರೆ ಮುಗಿಯಿತು. ಮೊದಲೇ ತೆಗೆದುಬಿಡೋಣವೆಂದು Ctrl+H ಬಳಸಿ ‘ಶ್ರೀ’ಯನ್ನೆಲ್ಲ ಅಳಿಸಲು ಹೋಗಬೇಡಿ: ಶ್ರೀನಿವಾಸ ನಿವಾಸವಾಗುತ್ತಾನೆ, ವಿಜಯಶ್ರೀ ವಿಜಯ ಆಗುತ್ತಾಳೆ.

ಇನ್ನೆರಡು ಮಾತು. ಒಡೆದ ತುಂಡುಗಳಿಗೂ ಮೂಲ ಹೆಸರಿಗೂ ಆಮೇಲೆ ಸಂಬಂಧವಿರುವುದಿಲ್ಲ. A ಕಾಲಂನಲ್ಲಿ ಕಾಗುಣಿತ ತಿದ್ದಿದರೆ C, D, E ಬದಲಾಗವು, ಮತ್ತೆ ಒಡೆಯಬೇಕು. ಹಾಗೆಯೇ, ಕೆಲಸ ಮುಗಿದ ಮೇಲೆ ಬೇರೆಲ್ಲಿಂದಲೋ ಒಂದು ವಾಕ್ಯ ತಂದು ಅಂಟಿಸಿದಾಗ ಅದು ಪದಪದವಾಗಿ ಕಾಲಂಗಳಿಗೆ ಚದುರಿದರೆ ಗಾಬರಿಯಾಗಬೇಡಿ. ನೀವು ಹಾಕಿದ Space ಗುರುತನ್ನು ಎಕ್ಸೆಲ್ ಇನ್ನೂ ನೆನಪಿಟ್ಟುಕೊಂಡಿದೆ, ಅಷ್ಟೇ. ಎಕ್ಸೆಲ್ ಪೂರ್ತಿ ಮುಚ್ಚಿ ತೆರೆದರೆ ಮರೆಯುತ್ತದೆ.